ಕಟ್ಟಿದ ಕೈಗೂ ಒಂದು ಗಡಿಯಾರ ಬೇಕು

ಜನರಲ್ ವಾರ್ಡಿನ ಕೇಸ್ ಶೀಟುಗಳಲ್ಲಿ ಪದೇ ಪದೇ ಕಾಣುವ ಒಂದು ಬರಹವಿದೆ: "ರೋಗಿ ತುಂಬಾ ಗಲಾಟೆ ಮಾಡುತ್ತಿದ್ದಾರೆ. ಕೈಕಾಲು ಕಟ್ಟಲಾಗಿದೆ. ಇಂಜೆಕ್ಷನ್ ಕೊಡಲಾಗಿದೆ." ಮುಂದೆ ಏನೂ ಇರುವುದಿಲ್ಲ. ಗಲಾಟೆ ಎಂದರೆ ರೋಗಿ ಏನು ಮಾಡಿದರು, ಕಟ್ಟಲು ಹೇಳಿದವರು ಯಾರು, ಎಷ್ಟು ಗಂಟೆಗೆ ಕಟ್ಟಿದರು, ನಡುವೆ ಯಾರು ಬಂದು ನೋಡಿದರು, ಬಿಚ್ಚಿದ್ದು ಯಾವಾಗ? ಒಂದಕ್ಕೂ ಆ ಹಾಳೆಯಲ್ಲಿ ಉತ್ತರ ಸಿಗದು. ರಾತ್ರಿ ಪಾಳಿಯ ಸಿಸ್ಟರ್ ಮನೆಗೆ ಹೋಗಿ, ಬೆಳಗಿನ ಪಾಳಿಯವರು ಬಂದು, ರೌಂಡ್ಸ್ ಮುಗಿಯುವವರೆಗೂ ಆ ಕೈಗಳು ಮಂಚಕ್ಕೆ ಕಟ್ಟಿಕೊಂಡೇ ಇರಬಹುದು. ಬಿಚ್ಚಬಾರದೆಂದು ಯಾರೂ ಹೇಳಿರುವುದಿಲ್ಲ. ಬಿಚ್ಚಿ ಎಂದೂ ಯಾರೂ ಹೇಳಿರುವುದಿಲ್ಲ.

ಉದ್ರೇಕಗೊಂಡ ರೋಗಿಯನ್ನು ತಡೆಹಿಡಿಯುವ ಬಗ್ಗೆ ಆಸ್ಪತ್ರೆಗಳು ಲಿಖಿತ ನೀತಿ ಮಾಡಿಕೊಳ್ಳುವುದು ಈ ಖಾಲಿ ಜಾಗವನ್ನು ತುಂಬಲಿಕ್ಕೇ. ಎನ್‌ಎಬಿಎಚ್ ಮಾನ್ಯತೆ ಬೇಕೆನ್ನುವ ಆಸ್ಪತ್ರೆಯಲ್ಲಿ ಇಂಥ ನೀತಿ ಇರಲೇಬೇಕು. ಪಟ್ಟಿಯಿಂದ ಕಟ್ಟುವುದು ಮತ್ತು ಔಷಧದಿಂದ ಮಣಿಸುವುದು ಎರಡೂ ಅದರಲ್ಲಿ ಬರಬೇಕು, ಕಾರಣ ದಾಖಲಾಗಬೇಕು, ಅಂಥ ರೋಗಿಯನ್ನು ಉಳಿದವರಿಗಿಂತ ಹೆಚ್ಚು ಸಲ ನೋಡಬೇಕು, ಸಿಬ್ಬಂದಿಗೆ ತರಬೇತಿ ಆಗಿರಬೇಕು. ಈ ನೀತಿಯ ಜೀವಾಳ ಒಂದೇ ಮಾತಿನಲ್ಲಿದೆ. ಕಟ್ಟುವುದೂ ಒಂದು ಚಿಕಿತ್ಸಾ ಆದೇಶ, ಅದಕ್ಕೂ ಅವಧಿ ಇದೆ, ಅವಧಿ ಮುಗಿದೊಡನೆ ಆದೇಶ ತಾನಾಗಿಯೇ ಸತ್ತುಹೋಗುತ್ತದೆ.

ಯಾವುದು ಕಟ್ಟು, ಯಾವುದು ಚಿಕಿತ್ಸೆ

ಕೈಕಾಲಿಗೆ ಪಟ್ಟಿ ಬಿಗಿದರೆ ಮಾತ್ರ ಕಟ್ಟಿದಂತೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ರೋಗಿ ತಾನಾಗಿ ಕಳಚಿಕೊಳ್ಳಲಾಗದಂತೆ ಅವನ ಚಲನೆಗೆ ಅಡ್ಡ ಬರುವುದೆಲ್ಲವೂ ಕಟ್ಟೇ ಎನ್ನುತ್ತದೆ ನೀತಿ. ಇಳಿಯಬಾರದೆಂದು ಮಂಚದ ನಾಲ್ಕೂ ಕಡೆಯ ಕಂಬಿ ಎತ್ತಿಡುವುದು, ಬೆರಳು ಆಡದಂತೆ ಕೈಗೆ ಚೀಲ ಹಾಕಿ ಬಿಗಿಯುವುದು, ಹೊದಿಕೆಯನ್ನು ಎರಡೂ ಬದಿ ಹಾಸಿಗೆಯಡಿ ಗಟ್ಟಿಯಾಗಿ ಸಿಕ್ಕಿಸುವುದು, ರಾತ್ರಿ ನಿದ್ದೆಗೆಟ್ಟ ಮಗ ಅಪ್ಪನ ಮಣಿಕಟ್ಟನ್ನು ಟವೆಲ್ಲಿನಿಂದ ಮಂಚಕ್ಕೆ ಕಟ್ಟುವುದು ಎಲ್ಲವೂ ಇದರೊಳಗೆ ಬರುತ್ತವೆ. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಟೇಬಲ್ಲಿಗೆ ಹಾಕುವ ಪಟ್ಟಿ, ಮುರಿದ ಮೂಳೆಗೆ ಹಾಕುವ ಸ್ಲ್ಯಾಬ್ ಬರುವುದಿಲ್ಲ, ಏಕೆಂದರೆ ಅವು ಚಿಕಿತ್ಸೆಯದೇ ಭಾಗ.

ಔಷಧದ ವಿಷಯ ಇನ್ನೂ ಸೂಕ್ಷ್ಮ. ಅದೇ ಸಿರಿಂಜು, ಅದೇ ಔಷಧ ಒಬ್ಬರಿಗೆ ಚಿಕಿತ್ಸೆಯಾದರೆ ಇನ್ನೊಬ್ಬರಿಗೆ ಕಟ್ಟಾಗುತ್ತದೆ. ಕುಡಿತ ತಟ್ಟನೆ ನಿಂತು ನಡುಗುತ್ತಿರುವವನಿಗೆ ಕೊಡುವ ಲೋರಾಜೆಪಾಮ್ ಅವನ ಕಾಯಿಲೆಗೇ ಮದ್ದು. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ಎಂಬತ್ತರ ಅಜ್ಜಿಯೊಬ್ಬರು ಮೂರನೆಯ ರಾತ್ರಿ ಎದ್ದು ಕೂಗಾಡುತ್ತಾರೆ ಎಂದುಕೊಳ್ಳಿ. ಕ್ಯಾತಿಟರ್ ಕಟ್ಟಿಕೊಂಡು ಮೂತ್ರಕೋಶ ಉಬ್ಬಿರುವುದೇ ಕಾರಣ. ಅದನ್ನು ನೋಡದೆ, ವಾರ್ಡ್ ಸುಮ್ಮನಾಗಲಿ ಎಂದು ಅದೇ ಲೋರಾಜೆಪಾಮ್ ಕೊಟ್ಟರೆ ಅದು ಕಟ್ಟು. ಸಾಲದ್ದಕ್ಕೆ, ವಯಸ್ಸಾದವರ ಸನ್ನಿಯನ್ನು ಆ ಔಷಧ ಹೆಚ್ಚಿಸುವುದೂ ಉಂಟು. ಕ್ಯಾತಿಟರ್ ಸರಿಪಡಿಸಿದರೆ ಅಜ್ಜಿಗೆ ಇಂಜೆಕ್ಷನ್ನೇ ಬೇಕಾಗದಿರಬಹುದು.

ಹೀಗಾಗಿ ಒಳ್ಳೆಯ ನೀತಿಯ ಮೊದಲ ಪುಟದಲ್ಲಿ ಕಟ್ಟುವ ವಿಧಾನ ಇರುವುದಿಲ್ಲ, ಹುಡುಕಬೇಕಾದ ಕಾರಣಗಳು ಇರುತ್ತವೆ. ಜನರಲ್ ವಾರ್ಡಿನಲ್ಲಿ ಹಠಾತ್ತನೆ ಉದ್ರೇಕಗೊಳ್ಳುವವರಲ್ಲಿ ಬಹಳಷ್ಟು ಮಂದಿಗೆ ಆಗಿರುವುದು ಡೆಲಿರಿಯಂ, ನಮ್ಮ ಹಿರಿಯರು ಸನ್ನಿ ಎನ್ನುತ್ತಿದ್ದ ಸ್ಥಿತಿ. ದೇಹದಲ್ಲೆಲ್ಲೋ ಏರುಪೇರಾಗಿ ಮಿದುಳು ಗಲಿಬಿಲಿಗೊಂಡಿರುತ್ತದೆ. ರಕ್ತದ ಸಕ್ಕರೆ ಕುಸಿದಿದೆಯೇ, ಆಮ್ಲಜನಕ ಕಡಿಮೆಯಾಗಿದೆಯೇ, ಜ್ವರವಿದೆಯೇ, ನೋವು ತಡೆಯಲಾಗುತ್ತಿಲ್ಲವೇ, ಮೂತ್ರ ಕಟ್ಟಿದೆಯೇ, ಸೋಡಿಯಂ ಇಳಿದಿದೆಯೇ, ಹೊಸ ಔಷಧವೇನಾದರೂ ಶುರುವಾಗಿದೆಯೇ, ಕುಡಿತ ನಿಂತು ಎಷ್ಟು ಹೊತ್ತಾಯಿತು? ಇವುಗಳಲ್ಲಿ ಅರ್ಧದಷ್ಟನ್ನು ಮಂಚದ ಪಕ್ಕದಲ್ಲೇ ಐದು ನಿಮಿಷದಲ್ಲಿ ನೋಡಿ ಮುಗಿಸಬಹುದು. ಸಕ್ಕರೆ ಕುಸಿದವನನ್ನು ಕಟ್ಟಿ ಮಲಗಿಸಿದರೆ ವಾರ್ಡ್ ಶಾಂತವಾಗುತ್ತದೆ, ಆದರೆ ಮಿದುಳು ಹಾಳಾಗುತ್ತಿರುತ್ತದೆ.

ಒಂದು ರಾತ್ರಿಯ ಲೆಕ್ಕ

ನೀತಿ ಹೇಗೆ ಕೆಲಸ ಮಾಡಬೇಕು ಎಂಬುದನ್ನು ಒಂದು ಕಲ್ಪಿತ ಪ್ರಕರಣದಲ್ಲಿ ನೋಡೋಣ. ಇಂಥದ್ದು ನಮ್ಮ ಮೂಳೆ ವಾರ್ಡುಗಳಿಗೆ ಹೊಸದೇನಲ್ಲ.

ಐವತ್ತರ ಆಸುಪಾಸಿನ ಲಾರಿ ಚಾಲಕ. ಸೋಮವಾರ ಬೆಳಗ್ಗೆ ಬೈಕಿನಿಂದ ಬಿದ್ದು ಬಲಗಾಲಿನ ಮೂಳೆ ಮುರಿದುಕೊಂಡು ದಾಖಲಾದವರು. ಕೊನೆಯ ಸಲ ಕುಡಿದದ್ದು ಭಾನುವಾರ ರಾತ್ರಿ ಹತ್ತಕ್ಕೆ. ಮಂಗಳವಾರ ಸಂಜೆ ಕೈ ನಡುಗುತ್ತಿತ್ತು, ಬೆವರುತ್ತಿದ್ದರು, ನಾಡಿ 118 ಎಂದು ಚಾರ್ಟಿನಲ್ಲಿ ಬರೆದೂ ಇತ್ತು. ಬುಧವಾರ ನಸುಕಿನ 1.40ಕ್ಕೆ ಡ್ರಿಪ್ ಕಿತ್ತೆಸೆದು ಮಂಚದಿಂದ ಇಳಿಯಲು ಹೊರಟರು. ಹಾಸಿಗೆಯ ಮೇಲೆ ಹುಳ ಹರಿದಾಡುತ್ತಿವೆ ಎಂದು ಕೊಡವುತ್ತಿದ್ದರು. ಲಾರಿ ಮಳೆಯಲ್ಲಿ ನಿಂತಿದೆ, ಟಾರ್ಪಾಲು ಹಾಕಬೇಕು ಎಂದು ಒಂದೇ ಸಮನೆ ಹೇಳುತ್ತಿದ್ದರು.

ಸಿಸ್ಟರ್ ಮೊದಲು ದೀಪ ಹಾಕಿದರು, ಸುತ್ತ ನೆರೆದವರನ್ನು ದೂರ ಕಳಿಸಿದರು, ಹೆಂಡತಿಯನ್ನು ಹತ್ತಿರ ಕೂರಿಸಿದರು. ಒಬ್ಬರೇ ಮಾತಾಡಬೇಕು ಎಂಬುದು ನಿಯಮ. ನಾಲ್ಕು ಜನ ನಾಲ್ಕು ದಿಕ್ಕಿನಿಂದ "ಮಲಕೊಳ್ರೀ" ಎಂದು ಗದರಿದರೆ ಸನ್ನಿ ಹಿಡಿದವನಿಗೆ ಅದು ದಾಳಿಯಂತೆ ಕಾಣುತ್ತದೆ. "ಅಣ್ಣಾ, ನೀವಿರೋದು ಆಸ್ಪತ್ರೇಲಿ. ಕಾಲು ಮುರಿದಿದೆ, ಇಳಿದ್ರೆ ಬೀಳ್ತೀರಿ. ಲಾರಿ ಮನೆ ಹತ್ರ ಇದೆ, ನಿಮ್ಮ ಮಗ ನೋಡ್ಕೋತಾನೆ," ಎಂದು ಸಿಸ್ಟರ್ ಸಣ್ಣ ಸಣ್ಣ ವಾಕ್ಯಗಳಲ್ಲಿ ಹೇಳಿದರು. ಆ ನಡುವೆಯೇ ಬೆರಳು ಚುಚ್ಚಿ ಸಕ್ಕರೆ ನೋಡಿದರು, 112. ಆಮ್ಲಜನಕ ಶೇಕಡಾ 96, ರಕ್ತದೊತ್ತಡ 160/100, ನಾಡಿ 124. ಡ್ಯೂಟಿ ಡಾಕ್ಟರಿಗೆ ಫೋನ್ ಹೋಯಿತು.

ಎರಡು ಗಂಟೆಗೆ ಅವರು ಅರ್ಧ ದೇಹ ಮಂಚದಿಂದಾಚೆ ಚಾಚಿದರು. ಹಿಡಿಯಲು ಬಂದ ವಾರ್ಡ್ ಬಾಯ್‌ಗೆ ಎದೆಗೆ ಒದೆ ಬಿತ್ತು. 2.05ಕ್ಕೆ ಬಂದ ಡಾಕ್ಟರು ಕಣ್ಣಾರೆ ನೋಡಿ ಆದೇಶ ಬರೆದರು: ಎರಡೂ ಮಣಿಕಟ್ಟು, ಮೆತ್ತನೆಯ ಪಟ್ಟಿ, ಮುರಿದ ಕಾಲಿಗೆ ಏನೂ ಬೇಡ, 2.10ರಿಂದ ಗರಿಷ್ಠ ನಾಲ್ಕು ಗಂಟೆ. ಬಿಚ್ಚಬೇಕಾದ ಗುರುತೂ ಅದರಲ್ಲೇ ಇತ್ತು: ಕರೆದಾಗ ಓಗೊಟ್ಟು, ಇಳಿಯಲು ನೋಡದೆ, ಹದಿನೈದು ನಿಮಿಷ ನೆಮ್ಮದಿಯಿಂದ ಮಲಗಿದರೆ ಬಿಚ್ಚುವುದು.

ಹಿಡಿದವರು ಐದು ಜನ, ಕೈಕಾಲಿಗೆ ಒಬ್ಬೊಬ್ಬರು, ತಲೆಯ ಬಳಿ ಮಾತಾಡುತ್ತ ಉಸಿರು ನೋಡಿಕೊಳ್ಳಲು ಒಬ್ಬರು. ಎದೆಯ ಮೇಲೆ ಯಾರೂ ಭಾರ ಹಾಕುವಂತಿಲ್ಲ. ಬೋರಲು ಮಲಗಿಸುವಂತಿಲ್ಲ, ಉಸಿರುಗಟ್ಟಿ ಸತ್ತವರಿದ್ದಾರೆ. ತಲೆಯ ಕಡೆ ಮಂಚವನ್ನು ಮೂವತ್ತು ಡಿಗ್ರಿ ಎತ್ತಿದರು, ವಾಂತಿಯಾದರೆ ಶ್ವಾಸಕೋಶಕ್ಕೆ ಇಳಿಯದಿರಲೆಂದು. ಪಟ್ಟಿ ಕಟ್ಟಿದ್ದು ಮಂಚದ ಚೌಕಟ್ಟಿಗೆ. ಮೇಲೆ ಕೆಳಗೆ ಜಾರುವ ಪಕ್ಕದ ಕಂಬಿಗೆ ಕಟ್ಟಿದರೆ, ಯಾರಾದರೂ ಕಂಬಿ ಇಳಿಸಿದಾಗ ತೋಳೇ ಉಳುಕುತ್ತದೆ. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು, ಪಟ್ಟಿಗೂ ಚರ್ಮಕ್ಕೂ ನಡುವೆ ಎರಡು ಬೆರಳು ತೂರುವಷ್ಟು ಸಡಿಲ. ನಮ್ಮ ವಾರ್ಡುಗಳಲ್ಲಿ ಕೈಗೆ ಸಿಗುವುದು ಬ್ಯಾಂಡೇಜ್ ಬಟ್ಟೆ. ಅದು ಎಳೆದಷ್ಟೂ ಹಗ್ಗದಂತೆ ಬಿಗಿಯುತ್ತದೆ. ಅಗಲವಾದ, ಒಳಗೆ ಮೆತ್ತೆಯಿರುವ ಪಟ್ಟಿಯನ್ನು ವಾರ್ಡಿನಲ್ಲಿ ಮೊದಲೇ ತಂದಿಟ್ಟಿರಬೇಕು ಎಂದು ನೀತಿ ಹೇಳುವುದು ಇದಕ್ಕೇ.

ಹೊಸ ಸೂಜಿ ಹಾಕಿ ಲೋರಾಜೆಪಾಮ್ 2 ಮಿಲಿಗ್ರಾಂ ನಿಧಾನವಾಗಿ ರಕ್ತನಾಳಕ್ಕೆ ಕೊಟ್ಟರು, ಜೊತೆಗೆ ಥಯಾಮಿನ್. ಅಭ್ಯಾಸಬಲದಿಂದ ಕೈ ಹೋಗುವ ಹ್ಯಾಲೊಪೆರಿಡಾಲ್ ಅನ್ನು ಡಾಕ್ಟರು ಮೊದಲ ಆಯ್ಕೆಯಾಗಿ ಬಳಸಲಿಲ್ಲ. ಕುಡಿತ ಬಿಟ್ಟಾಗಿನ ಸನ್ನಿಯಲ್ಲಿ ಫಿಟ್ಸ್ ಬರುವ ಅಪಾಯ ಹೇಗೂ ಇರುತ್ತದೆ, ಈ ಔಷಧ ಅದನ್ನು ಹೆಚ್ಚಿಸಬಲ್ಲದು. 2.30ಕ್ಕೆ ಉದ್ರೇಕ ಇನ್ನೂ ಇಳಿಯದ ಕಾರಣ ಡಾಕ್ಟರು ಮತ್ತೆ ನೋಡಿ, ಇನ್ನೊಂದು 2 ಮಿಲಿಗ್ರಾಂ ಬರೆದು ಕೊಟ್ಟರು.

2.25ಕ್ಕೆ ಮೊದಲ ತಪಾಸಣೆ, ಅಲ್ಲಿಂದ ಹದಿನೈದು ನಿಮಿಷಕ್ಕೊಮ್ಮೆ. ಉಸಿರು ನಿಮಿಷಕ್ಕೆ ಎಷ್ಟು, ಆಮ್ಲಜನಕ ಎಷ್ಟು, ಎಚ್ಚರ ಎಷ್ಟಿದೆ, ಬೆರಳು ಬೆಚ್ಚಗಿದೆಯೇ, ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಮರಳುತ್ತದೆಯೇ, ಪಟ್ಟಿಯಡಿ ಚರ್ಮ ತರಚಿದೆಯೇ, ನೀರು ಬೇಕೇ, ಮೂತ್ರಕ್ಕೆ ಹೋಗಬೇಕೇ. 2.55ಕ್ಕೆ ಅರೆನಿದ್ದೆ, ಕರೆದರೆ ಕಣ್ಣು ಬಿಡುತ್ತಿದ್ದರು, ಉಸಿರು 16. 3.05ಕ್ಕೆ ಡಾಕ್ಟರು ಮಂಚದ ಬಳಿ ನಿಂತು ಮರುಪರಿಶೀಲನೆ ಮಾಡಿ ಎಡಗೈ ಬಿಚ್ಚಿಸಿದರು. 3.25ಕ್ಕೆ ಬಲಗೈಯನ್ನೂ ಬಿಚ್ಚಿದರು. ಕಟ್ಟಿದ್ದು ಒಟ್ಟು 75 ನಿಮಿಷ. ನಾಲ್ಕು ಗಂಟೆಯ ಆದೇಶವಿದೆಯೆಂದು ನಾಲ್ಕು ಗಂಟೆಯೂ ಕಟ್ಟಬೇಕಾಗಿರಲಿಲ್ಲ. ಔಷಧದ ಮೇಲಿನ ನಿಗಾ ಮಾತ್ರ ಬೆಳಗಿನವರೆಗೂ ಮುಂದುವರಿಯಿತು. ಪಟ್ಟಿ ಬಿಚ್ಚಬಹುದು, ರಕ್ತಕ್ಕೆ ಸೇರಿದ ಔಷಧವನ್ನು ಹಾಗೆ ಬಿಚ್ಚಲಾಗದು.

ಗಡಿಯಾರ ಎಲ್ಲಿಂದ ಬಂತು

ಮೇಲಿನ ಲೆಕ್ಕದ ಅವಧಿಗಳು ಯಾರೋ ಮನಸ್ಸಿಗೆ ಬಂದಂತೆ ಇಟ್ಟವಲ್ಲ. ಅಮೆರಿಕದಲ್ಲಿ 1998ರಲ್ಲಿ ಹಾರ್ಟ್‌ಫರ್ಡ್ ಕೊರಂಟ್ ಎಂಬ ದಿನಪತ್ರಿಕೆ, ಹತ್ತು ವರ್ಷಗಳಲ್ಲಿ ಕಟ್ಟಿಹಾಕಿದಾಗ ಅಥವಾ ಕೂಡಿಹಾಕಿದಾಗ ಸಂಭವಿಸಿದ 142 ಸಾವುಗಳನ್ನು ಪಟ್ಟಿ ಮಾಡಿ ಪ್ರಕಟಿಸಿತು. ದೊಡ್ಡ ಕೋಲಾಹಲವಾಯಿತು. ಅಲ್ಲಿನ ಸರ್ಕಾರಿ ವಿಮೆಯ ಹಣ ಪಡೆಯುವ ಆಸ್ಪತ್ರೆಗಳಿಗೆ ಆಮೇಲೆ ಬಂದ ನಿಯಮಗಳಲ್ಲಿ ಈ ಗಡಿಯಾರವಿದೆ. ಹಿಂಸಾತ್ಮಕ ವರ್ತನೆಗಾಗಿ ಕಟ್ಟಿದರೆ ಒಂದು ಗಂಟೆಯೊಳಗೆ ಅರ್ಹರೊಬ್ಬರು ರೋಗಿಯನ್ನು ಎದುರಿಗೇ ನಿಂತು ಪರೀಕ್ಷಿಸಬೇಕು. ಒಂದು ಆದೇಶದ ಆಯುಸ್ಸು ವಯಸ್ಕರಿಗೆ ಹೆಚ್ಚೆಂದರೆ 4 ಗಂಟೆ, 9ರಿಂದ 17 ವರ್ಷದವರಿಗೆ 2 ಗಂಟೆ, ಅದಕ್ಕೂ ಚಿಕ್ಕವರಿಗೆ 1 ಗಂಟೆ. ಇನ್ನೂ ಬೇಕಿದ್ದರೆ ಹೊಸ ಆದೇಶ ಬರೆಯಬೇಕು. 24 ಗಂಟೆಯಾದ ಮೇಲೆ ಮತ್ತೆ ವೈದ್ಯರು ಬಂದು ನೋಡದೆ ಹೊಸ ಆದೇಶವೂ ಇಲ್ಲ. ನಮ್ಮ ದೊಡ್ಡ ಆಸ್ಪತ್ರೆಗಳ ನೀತಿಗಳಲ್ಲಿ ಕಾಣುವ ನಾಲ್ಕು ಗಂಟೆಯ ಮಿತಿಗೆ ಮಾದರಿ ಇದೇ.

ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆಯ 97ನೇ ಕಲಂ ಗಂಟೆಗಳ ಲೆಕ್ಕ ಹಾಕುವುದಿಲ್ಲ, ಆದರೆ ಗಟ್ಟಿ ಮಾತುಗಳನ್ನೇ ಹೇಳುತ್ತದೆ. ಒಂಟಿಯಾಗಿ ಕೂಡಿಹಾಕುವುದು ಪೂರ್ತಿ ನಿಷಿದ್ಧ. ತಕ್ಷಣದ ಅಪಾಯ ತಡೆಯಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ಅತ್ಯಗತ್ಯವಾದಷ್ಟೇ ಹೊತ್ತು ಕಟ್ಟಬಹುದು. ವಿಧಾನ, ಕಾರಣ, ಅವಧಿ ಕೂಡಲೇ ದಾಖಲಾಗಬೇಕು. ರೋಗಿ ನೇಮಿಸಿದ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಎಲ್ಲ ಪ್ರಕರಣಗಳ ವರದಿ ತಿಂಗಳಿಗೊಮ್ಮೆ ಮಾನಸಿಕ ಆರೋಗ್ಯ ಮಂಡಳಿಗೆ ಹೋಗಬೇಕು. ಈ ಕಲಂ ಮಾತಾಡುವುದು ಮಾನಸಿಕ ಆರೋಗ್ಯ ಸಂಸ್ಥೆಗಳ ಬಗ್ಗೆ. ಮೂಳೆ ವಾರ್ಡಿನಲ್ಲಿ ನಸುಕಿನ ಎರಡು ಗಂಟೆಗೆ ಮನೋವೈದ್ಯರು ಎಲ್ಲಿಂದ ಬರಬೇಕು? ಅದಕ್ಕೇ ಜನರಲ್ ವಾರ್ಡಿನ ನೀತಿ ಡ್ಯೂಟಿ ಡಾಕ್ಟರಿಗೆ ತುರ್ತು ಅಧಿಕಾರ ಕೊಟ್ಟು, ಬೆಳಗಾಗುತ್ತಲೇ ಮನೋವೈದ್ಯರ ಅಭಿಪ್ರಾಯ ಪಡೆಯಬೇಕು ಎಂದು ಸೇರಿಸಿದರೆ, ಕಾಯ್ದೆಯ ಆಶಯ ವಾರ್ಡಿಗೂ ಇಳಿದಂತಾಗುತ್ತದೆ.

ಎಸ್‌ಓಎಸ್ ಎಂಬ ಮೂರಕ್ಷರ

ಔಷಧದ ಕಟ್ಟು ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಸಂಜೆಯ ರೌಂಡ್ಸ್‌ನಲ್ಲಿ ಯಾರೋ "ಹ್ಯಾಲೊಪೆರಿಡಾಲ್ 5 ಮಿ.ಗ್ರಾಂ, ಎಸ್‌ಓಎಸ್" ಎಂದು ಬರೆದು ಹೋಗುತ್ತಾರೆ. ಬೇಕಾದಾಗ ಕೊಡಿ ಎಂದರ್ಥ. ಯಾವ ವರ್ತನೆಗೆ ಬೇಕು, ಎಷ್ಟು ಸಲ ಕೊಡಬಹುದು, ಎರಡರ ನಡುವೆ ಎಷ್ಟು ಅಂತರ, ಎಂಬತ್ತು ವರ್ಷದವರಿಗೂ ಐದು ಮಿಲಿಗ್ರಾಮೇ? ಹಾಳೆಯಲ್ಲಿ ಏನೂ ಇರುವುದಿಲ್ಲ. ವಯಸ್ಸಾದವರ ಸನ್ನಿಗೆ ಇದೇ ಔಷಧವನ್ನು ಅರ್ಧ ಮಿಲಿಗ್ರಾಮಿನಿಂದ ಒಂದು ಮಿಲಿಗ್ರಾಮಿನ ಆಸುಪಾಸಿನಲ್ಲಿ ಶುರುಮಾಡುತ್ತಾರೆ. ಐದು ಎಂದರೆ ಅದರ ಐದರಿಂದ ಹತ್ತು ಪಟ್ಟು. ಪರಿಣಾಮವಾಗಿ ಹೃದಯದ ಲಯ ತಪ್ಪಬಹುದು, ಕತ್ತು ಕಣ್ಣು ಒಂದು ಕಡೆಗೆ ಸೆಟೆಯಬಹುದು, ನುಂಗಲಾಗದೆ ಊಟ ಶ್ವಾಸಕೋಶಕ್ಕೆ ಇಳಿಯಬಹುದು. ಅದಕ್ಕೇ ರೋಗಿಯನ್ನು ತಡೆಹಿಡಿಯಲು ಎಸ್‌ಓಎಸ್ ಆದೇಶ ಸಲ್ಲದು, ಪ್ರತಿ ಡೋಸಿಗೂ ರೋಗಿಯನ್ನು ನೋಡಿದ ವೈದ್ಯರ ಹೊಸ ಸಹಿ ಬೇಕು ಎಂದು ನೀತಿಯಲ್ಲಿ ಬರೆದಿರಬೇಕು.

ಯಾವ ಔಷಧ ಮೇಲು ಎಂಬುದನ್ನು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನವರು 200 ರೋಗಿಗಳಲ್ಲಿ ಹೋಲಿಸಿ 2004ರಲ್ಲಿ ಪ್ರಕಟಿಸಿದರು. ಹ್ಯಾಲೊಪೆರಿಡಾಲ್ ಜೊತೆ ಪ್ರೊಮೆಥಜೀನ್ ಕೊಟ್ಟವರು ಲೋರಾಜೆಪಾಮ್ ಪಡೆದವರಿಗಿಂತ ಬೇಗ ಶಾಂತರಾದರು. ಅದು ಮನೋವೈದ್ಯಕೀಯ ತುರ್ತಿನಲ್ಲಿ ಬಂದವರ ಅಧ್ಯಯನ. ಕುಡಿತ ಬಿಟ್ಟು ನಡುಗುವವರಿಗೂ ಶಸ್ತ್ರಚಿಕಿತ್ಸೆಯಾದ ಅಜ್ಜಿಗೂ ಅದೇ ಜೋಡಿಯನ್ನು ಕಣ್ಣುಮುಚ್ಚಿ ಕೊಡಲು ಬರುವುದಿಲ್ಲ. ಪ್ರೊಮೆಥಜೀನ್ ವೃದ್ಧರ ಗಲಿಬಿಲಿಯನ್ನು ಇನ್ನಷ್ಟು ಕೆದಕುತ್ತದೆ.

ಇಂಜೆಕ್ಷನ್ನಿನ ನಂತರದ ನಿಗಾಕ್ಕೆ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಹೀಗಿದೆ: ನಾಡಿ, ರಕ್ತದೊತ್ತಡ, ಉಸಿರು, ಜ್ವರ, ಎಚ್ಚರದ ಮಟ್ಟವನ್ನು ಕನಿಷ್ಠ ಗಂಟೆಗೊಮ್ಮೆ ನೋಡಬೇಕು. ರೋಗಿ ನಿದ್ದೆ ಹೋದಂತೆ ಕಂಡರೆ ಹದಿನೈದು ನಿಮಿಷಕ್ಕೊಮ್ಮೆ. ವಾರ್ಡಿನ ರೂಢಿ ಇದಕ್ಕೆ ತದ್ವಿರುದ್ಧ. ನಿದ್ದೆ ಬಂತು, ಇನ್ನು ತೊಂದರೆಯಿಲ್ಲ ಎಂದು ಎಲ್ಲರೂ ಆಚೆ ಹೋಗುತ್ತಾರೆ. ಉಸಿರು ನಿಧಾನವಾಗುವುದು ಆ ಹೊತ್ತಿನಲ್ಲೇ.

ಬರಹದಲ್ಲಿ ಏನಿರಬೇಕು

ದಾಖಲೆ ಎಂದರೆ ಕೋರ್ಟಿನ ಭಯಕ್ಕೆ ಬರೆಯುವ ಹಾಳೆ ಎಂದು ವಾರ್ಡಿನಲ್ಲಿ ಗೊಣಗುವವರಿದ್ದಾರೆ. ಅದರ ಮೊದಲ ಉಪಯೋಗ ಮುಂದಿನ ಪಾಳಿಯವರಿಗೆ. "ಹಿಂಸಾತ್ಮಕ", "ಸಹಕರಿಸುತ್ತಿಲ್ಲ" ಎಂಬ ಪದಗಳಿಂದ ಅವರಿಗೆ ಏನೂ ತಿಳಿಯದು. "1.40: ಡ್ರಿಪ್ ಕಿತ್ತರು, ಹುಳ ಕಾಣುತ್ತಿವೆ ಎಂದರು. 2.00: ಮಂಚದಿಂದ ಅರ್ಧ ಜಾರಿದರು, ಎಡಗಾಲಿನಿಂದ ಒದ್ದರು" ಎಂದು ಬರೆದರೆ ಕಾಯಿಲೆ ತಾನಾಗಿ ಹೆಸರು ಹೇಳುತ್ತದೆ. ಕಟ್ಟುವ ಮುಂಚೆ ಏನೇನು ಪ್ರಯತ್ನಿಸಿದರು, ಆದೇಶ ಯಾರದು, ಯಾವ ಅಂಗ, ಯಾವ ಪಟ್ಟಿ, ಶುರುವಾದ ಗಂಟೆ, ಮನೆಯವರಲ್ಲಿ ಯಾರಿಗೆ ಯಾವಾಗ ಹೇಳಿದರು, ಪ್ರತಿ ತಪಾಸಣೆಯಲ್ಲಿ ಕಂಡದ್ದೇನು, ಬಿಚ್ಚಿದ ಗಂಟೆ ಎಲ್ಲವೂ ಒಂದೇ ಹಾಳೆಯಲ್ಲಿ ಬರಬೇಕು.

ದೀರ್ಘಕಾಲ ಕಟ್ಟಬೇಕಾಗಿ ಬಂದರೆ ಎರಡು ಗಂಟೆಗೊಮ್ಮೆ ಒಂದೊಂದೇ ಕೈಕಾಲು ಬಿಚ್ಚಿ ಆಡಿಸಿ, ಮಗ್ಗುಲು ಬದಲಿಸಿದ್ದೂ ಅದರಲ್ಲಿರಬೇಕು. ಅಲುಗಾಡದೆ ಮಲಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹಾರಬಹುದು. ಬಿಡಿಸಿಕೊಳ್ಳಲು ಗಂಟೆಗಟ್ಟಲೆ ಎಳೆದಾಡಿದರೆ ಸ್ನಾಯು ಒಡೆದು ಕಿಡ್ನಿಗೆ ಪೆಟ್ಟಾಗಬಹುದು. ಕೋಲಾದ ಬಣ್ಣದ ಮೂತ್ರ ಅದರ ಸುಳಿವು.

ತಪಾಸಣೆಯ ಹಾಳೆ ನಿಜವೋ ಸುಳ್ಳೋ ಎಂದು ಪತ್ತೆ ಮಾಡುವುದೂ ಕಷ್ಟವಲ್ಲ. 2.00, 2.15, 2.30, 2.45 ಎಂದು ತಪ್ಪದೆ ಕಾಲು ಗಂಟೆಗೊಂದು ಸಾಲು, ಎಲ್ಲದರಲ್ಲೂ ನಾಡಿ 84, ಉಸಿರು 18, ಒಂದೇ ಪೆನ್ನು, ಒಂದೇ ಓಟದ ಅಕ್ಷರ. ಅದು ಬೆಳಗಿನ ಜಾವ ಒಮ್ಮೆಲೇ ಕೂತು ತುಂಬಿಸಿದ್ದು. ನಿಜವಾಗಿ ನೋಡಿದವರ ಹಾಳೆಯಲ್ಲಿ 2.27, 2.41 ಎಂಬ ವಕ್ರ ಸಮಯಗಳಿರುತ್ತವೆ, ಅಂಕಿಗಳು ಏರಿಳಿಯುತ್ತಿರುತ್ತವೆ.

ನಮ್ಮ ಲಾರಿ ಚಾಲಕರ ಪ್ರಕರಣವನ್ನು ಮರುದಿನ ಕೂತು ಪರಿಶೀಲಿಸಿದರೆ ಸಿಗುವ ಪಾಠ ಕಟ್ಟಿದ ಎಪ್ಪತ್ತೈದು ನಿಮಿಷಗಳಲ್ಲಿ ಇಲ್ಲ. ಅದು ಮಂಗಳವಾರ ಸಂಜೆಯ ನಡುಕ ಮತ್ತು 118ರ ನಾಡಿಯಲ್ಲಿದೆ. ಕುಡಿತ ನಿಂತ 48ರಿಂದ 96 ಗಂಟೆಗಳ ನಡುವೆ ಇಂಥ ಸನ್ನಿ ಬರುವುದು ತಿಳಿದ ವಿಷಯ. ದಾಖಲಾಗುವಾಗ "ಕೊನೇ ಸಲ ಕುಡಿದದ್ದು ಯಾವಾಗ?" ಎಂದು ಕೇಳಿ, ಸಂಜೆಯೇ ಲೋರಾಜೆಪಾಮ್ ಶುರುಮಾಡಿದ್ದರೆ ಪಟ್ಟಿಯ ಮಾತೇ ಬರುತ್ತಿರಲಿಲ್ಲ. ಕಟ್ಟಿದ ಪ್ರತಿ ಪ್ರಕರಣವನ್ನೂ ಮರುಪರಿಶೀಲಿಸಬೇಕು ಎನ್ನುವುದು ತಪ್ಪಿತಸ್ಥರನ್ನು ಹುಡುಕಲಿಕ್ಕಲ್ಲ, ಇಂಥ ಸಂಜೆಗಳನ್ನು ಹುಡುಕಲಿಕ್ಕೆ.

ನೋಡುವವರು ಇಲ್ಲದಿದ್ದರೆ?

ಇಷ್ಟೆಲ್ಲ ಓದಿದ ಯಾವ ಸಿಸ್ಟರ್ ಆದರೂ ಕೇಳುವ ಪ್ರಶ್ನೆ ಒಂದಿದೆ. ರಾತ್ರಿ ಒಬ್ಬಳೇ ನಲವತ್ತು ಹಾಸಿಗೆ ನೋಡಿಕೊಳ್ಳುವಾಗ ಒಬ್ಬ ರೋಗಿಯ ಬಳಿಗೆ ಹದಿನೈದು ನಿಮಿಷಕ್ಕೊಮ್ಮೆ ಹೋಗುವುದು ಹೇಗೆ? ಪ್ರಶ್ನೆ ನ್ಯಾಯವಾದದ್ದು. ಆದರೆ 97ನೇ ಕಲಂ ಸಿಬ್ಬಂದಿ ಕೊರತೆಯ ಕಾರಣಕ್ಕೆ ಕಟ್ಟುವಂತಿಲ್ಲ, ಶಿಕ್ಷೆಯಾಗಿಯೂ ಕಟ್ಟುವಂತಿಲ್ಲ ಎಂದು ಬಿಡಿಸಿ ಹೇಳುತ್ತದೆ. ವಾರ್ಡಿನಲ್ಲಿ ನಡೆಯುವುದು ಇದರ ಉಲ್ಟಾ: ನೋಡಲು ಜನವಿಲ್ಲ, ಅದಕ್ಕೇ ಕಟ್ಟುತ್ತಾರೆ. ಕಟ್ಟಿದವನಿಗೆ ಕಟ್ಟದವನಿಗಿಂತ ಹೆಚ್ಚು ಜನ ಬೇಕು, ಏಕೆಂದರೆ ವಾಂತಿ ಬಂದರೆ ಅವನು ಮಗ್ಗುಲಾಗಲಾರ, ಪಟ್ಟಿ ಬಿಗಿದರೆ ಸಡಿಲಿಸಿಕೊಳ್ಳಲಾರ.

ಆದ್ದರಿಂದ ನೀತಿಯಲ್ಲಿ ಒಂದು ವಾಕ್ಯ ಇಲ್ಲದಿದ್ದರೆ ಉಳಿದದ್ದೆಲ್ಲ ಕಾಗದ. ಕಟ್ಟುವ ಆದೇಶ ಬರೆದ ಕ್ಷಣದಿಂದ ರೋಗಿಯ ಪಕ್ಕ ಯಾರು ಇರಬೇಕು ಎಂಬ ಹೆಸರು ಆ ಆದೇಶದಲ್ಲೇ ಇರಬೇಕು, ಹಾಗೆ ಯಾರೂ ಸಿಗದಿದ್ದರೆ ರೋಗಿಯನ್ನು ನಿಗಾ ಘಟಕಕ್ಕೆ ಸಾಗಿಸಬೇಕು. ಮನೆಯವರು ಪಕ್ಕದಲ್ಲಿದ್ದರೆ ರೋಗಿಗೆ ಧೈರ್ಯ, ಸಿಸ್ಟರಿಗೆ ನೆರವು. ಹಾಗೆಂದು ಉಸಿರು ಎಣಿಸುವ ಹೊಣೆಯನ್ನು ಅವರ ತಲೆಗೆ ಕಟ್ಟಬಾರದು.

ನಿಮ್ಮವರೊಬ್ಬರನ್ನು ಕಟ್ಟಿರುವುದು ಕಂಡರೆ ಜಗಳಕ್ಕೆ ಹೋಗಬೇಡಿ, ನೀವಾಗಿ ಬಿಚ್ಚಲೂ ಬೇಡಿ. ನಾಲ್ಕು ಪ್ರಶ್ನೆ ಕೇಳಿ: ಯಾವ ಕಾರಣಕ್ಕೆ ಕಟ್ಟಿದಿರಿ, ಆದೇಶ ಯಾವ ಡಾಕ್ಟರದು, ಅದು ಎಷ್ಟು ಗಂಟೆಗೆ ಮುಗಿಯುತ್ತದೆ, ಇವರು ಏನು ಮಾಡಿದರೆ ಬಿಚ್ಚುತ್ತೀರಿ? ನೀತಿ ಪಾಲಿಸುವ ವಾರ್ಡಿನಲ್ಲಿ ಸಿಸ್ಟರ್ ಹಾಳೆ ತೆಗೆದು ಓದಿ ಹೇಳುತ್ತಾರೆ. ಹಾಳೆಯೇ ಇಲ್ಲದಿದ್ದರೆ, ಡ್ಯೂಟಿ ಡಾಕ್ಟರು ಆಗಲೇ ಬಂದು ನೋಡಬೇಕು ಎಂದು ಕೇಳುವ ಹಕ್ಕು ನಿಮಗಿದೆ.